ಉಪವಾಸದ ಸಕ್ಕರೆ ಸರಿಯಿದ್ದ ಯುವತಿ: ಪಿಸಿಓಎಸ್ ಮತ್ತು ಇನ್ಸುಲಿನ್ ಪ್ರತಿರೋಧದ ಒಂದು ಪ್ರಕರಣ

ಈ ಪ್ರಕರಣದ ಯುವತಿ ಒಬ್ಬ ನಿರ್ದಿಷ್ಟ ರೋಗಿಯಲ್ಲ. ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಯಾರ ಗುರುತೂ ಸಿಗದಂತೆ ಬರೆದಿದ್ದೇನೆ. ಅಂಕಿಗಳು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ.

ವಯಸ್ಸು 23. ಬೆಂಗಳೂರಿನಲ್ಲಿ ತಂದೆ, ತಾಯಿ ಮತ್ತು ತಂಗಿಯೊಡನೆ ವಾಸ. ಮಧ್ಯಾಹ್ನ ಒಂದು ಗಂಟೆಯಿಂದ ರಾತ್ರಿ ಹತ್ತರವರೆಗೆ ಕಂಪ್ಯೂಟರ್ ಎದುರು ಕುಳಿತು ಮಾಡುವ ಕೆಲಸ. ಹದಿಮೂರನೇ ವಯಸ್ಸಿಗೆ ಮೈನೆರೆದ ಈಕೆಗೆ ಮೊದಲ ಕೆಲವು ವರ್ಷ ಮುಟ್ಟು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬರುತ್ತಿತ್ತು. ಕಾಲೇಜಿನ ಎರಡನೇ ವರ್ಷದಿಂದ ನಲವತ್ತೈದು ದಿನ, ಅರವತ್ತು ದಿನ, ಒಮ್ಮೊಮ್ಮೆ ಮೂರು ತಿಂಗಳು ಎಂದು ಅಂತರ ಹಿಗ್ಗುತ್ತ ಹೋಯಿತು. ನನ್ನಲ್ಲಿಗೆ ಬಂದ ದಿನಕ್ಕೆ ಕಳೆದ ಮುಟ್ಟಾಗಿ 97 ದಿನಗಳಾಗಿದ್ದವು. ಕೈಯಲ್ಲಿ ದಪ್ಪನೆಯ ಫೈಲು ಇತ್ತು, ಅದರ ಮೇಲೆ ದೊಡ್ಡದಾಗಿ "ಪಿಸಿಓಡಿ" ಎಂದು ಬರೆದಿತ್ತು. ತಾಯಿ ಕುಳಿತುಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ ಒಂದೇ: "ಮೇಡಂ, ಗರ್ಭಕೋಶದ ಪಕ್ಕ ನೀರುಗುಳ್ಳೆ ಆಗಿದೆ ಅಂತಾರೆ, ಆಪರೇಷನ್ ಮಾಡಿ ತೆಗೆಯೋಕೆ ಆಗಲ್ವಾ?"

ಈ ಪ್ರಶ್ನೆಗೆ ಮೊದಲು ಉತ್ತರಿಸದೆ ಮುಂದಿನ ಯಾವ ಮಾತೂ ಆಕೆಯ ಮನೆಯವರ ಕಿವಿಗೆ ಇಳಿಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಚಿಕ್ಕ ಚಿಕ್ಕ ಕರಿಚುಕ್ಕೆಗಳು ಗಡ್ಡೆಗಳಲ್ಲ, ರೋಗದ ಗುಳ್ಳೆಗಳೂ ಅಲ್ಲ. ಅವು ಅಂಡಾಣುವನ್ನು ಹೊತ್ತ ಕೋಶಕಗಳು. ಬೆಳೆಯತೊಡಗಿ, ಒಡೆದು ಅಂಡಾಣುವನ್ನು ಬಿಡುವ ಹಂತಕ್ಕೆ ತಲುಪದೆ ಅರ್ಧದಾರಿಯಲ್ಲೇ ನಿಂತುಬಿಟ್ಟವು. ಪಿಸಿಓಎಸ್ ಎಂದರೂ ಪಿಸಿಓಡಿ ಎಂದರೂ ಒಂದೇ; ಪಾಲಿಸಿಸ್ಟಿಕ್, ಅಂದರೆ ಹಲವು ನೀರುಗುಳ್ಳೆಗಳ ಅಂಡಾಶಯ ಎಂಬ ಆ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಲ್ ಎಂಬ ವೈದ್ಯರು ಏಳು ಮಹಿಳೆಯರ ಅಂಡಾಶಯಗಳನ್ನು ನೋಡಿ ಈ ಚಿತ್ರವನ್ನು ವರ್ಣಿಸಿದಾಗ ಕಣ್ಣಿಗೆ ಕಂಡದ್ದನ್ನೇ ಹೆಸರಾಗಿ ಹಿಡಿದುಕೊಂಡರು, ಆ ಹೆಸರೇ ಉಳಿದುಕೊಂಡಿತು. ಕೋಶಕಗಳನ್ನು ಕತ್ತರಿಸಿ ತೆಗೆಯುವುದರಿಂದ ಅವು ಏಕೆ ನಿಂತವು ಎಂಬುದು ಬದಲಾಗುವುದಿಲ್ಲ. ನಿಂತ ಕಾರಣ ಅಂಡಾಶಯದಿಂದ ದೂರದಲ್ಲಿಯೂ ಇರಬಹುದು.

ಮೊದಲ ಭೇಟಿಯಲ್ಲಿ ಕಂಡದ್ದು

ಎತ್ತರ 156 ಸೆಂಟಿಮೀಟರ್, ತೂಕ 66 ಕಿಲೋ. ದೇಹತೂಕ ಸೂಚ್ಯಂಕ 27.1 ಆಗುತ್ತದೆ. ಯುರೋಪಿನ ಅಳತೆಗೋಲಿನಲ್ಲಿ ಇದು "ಸ್ವಲ್ಪ ಹೆಚ್ಚು" ಎನಿಸಿಕೊಂಡರೂ ಭಾರತೀಯರಿಗೆ ಅನ್ವಯಿಸುವ ಮಿತಿಯಲ್ಲಿ 25ಕ್ಕಿಂತ ಮೇಲಿನದೆಲ್ಲ ಬೊಜ್ಜು. ಸೊಂಟದ ಸುತ್ತಳತೆ 88 ಸೆಂಟಿಮೀಟರ್. ನಮ್ಮ ಮಹಿಳೆಯರಿಗೆ 80 ದಾಟಬಾರದು. ಗಲ್ಲದ ಕೆಳಗೆ ಮತ್ತು ಹೊಕ್ಕುಳಿನ ಕೆಳಗೆ ಒರಟಾದ ಕಪ್ಪು ಕೂದಲು ಇತ್ತು. ವಾರಕ್ಕೊಮ್ಮೆ ಥ್ರೆಡ್ಡಿಂಗ್ ಮಾಡಿಸುತ್ತಿದ್ದುದರಿಂದ ಮೊದಲ ನೋಟಕ್ಕೆ ಗಲ್ಲದ ಕೂದಲು ಕಾಣುತ್ತಿರಲಿಲ್ಲ. ಹೀಗಾಗಿ ನೋಡಿದರೆ ಸಾಲದು, ಕೇಳಬೇಕು.

ಕತ್ತಿನ ಹಿಂದೆ ಮತ್ತು ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿತ್ತು. ತಾಯಿ ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆಹಣ್ಣು, ಪ್ಯೂಮಿಸ್ ಕಲ್ಲು ಎಲ್ಲವನ್ನೂ ತಿಕ್ಕಿ ನೋಡಿದ್ದರು. ಅದು ತೊಳೆದರೆ ಹೋಗುವಂಥದ್ದಲ್ಲ. ರಕ್ತದಲ್ಲಿ ಇನ್ಸುಲಿನ್ ಬಹುಕಾಲ ಹೆಚ್ಚಾಗಿದ್ದಾಗ ಅದು ಚರ್ಮದ ಕೋಶಗಳನ್ನೂ ಬೆಳೆಯುವಂತೆ ಪ್ರಚೋದಿಸುತ್ತದೆ, ಆಗ ಮಡಿಕೆಗಳಿರುವ ಕಡೆ ಚರ್ಮ ಹೀಗೆ ದಪ್ಪಗಾಗಿ ಕಪ್ಪಗಾಗುತ್ತದೆ. ನನ್ನ ಮಟ್ಟಿಗೆ ಆ ದಿನದ ಅತ್ಯಂತ ಮುಖ್ಯವಾದ, ಒಂದು ಪೈಸೆಯೂ ಖರ್ಚಿಲ್ಲದ ಪರೀಕ್ಷೆ ಅದೇ ಆಗಿತ್ತು. ತಂದೆಗೆ ನಲವತ್ತೊಂದನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತೆಂಬುದನ್ನು ಅದರ ಪಕ್ಕದಲ್ಲಿಟ್ಟರೆ ಮುಂದಿನ ದಾರಿ ಅರ್ಧ ತಿಳಿದಂತೆಯೇ.

ಪಿಸಿಓಎಸ್ ಎಂದು ನಿರ್ಧರಿಸಲು ಮೂರರಲ್ಲಿ ಎರಡು ಲಕ್ಷಣ ಬೇಕು: ಅಂಡೋತ್ಪತ್ತಿ ಕ್ರಮ ತಪ್ಪಿರುವುದು, ಗಂಡು ಹಾರ್ಮೋನು ಹೆಚ್ಚಾಗಿರುವ ಗುರುತು ದೇಹದಲ್ಲಾಗಲಿ ರಕ್ತದಲ್ಲಾಗಲಿ ಕಾಣುವುದು, ಮತ್ತು ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಆ ವಿಶಿಷ್ಟ ರೂಪ. 2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಒಪ್ಪಿದ ಈ ಸೂತ್ರವನ್ನೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಣ್ಣ ತಿದ್ದುಪಡಿಗಳೊಂದಿಗೆ ಉಳಿಸಿಕೊಂಡಿದೆ. ಈಕೆಯಲ್ಲಿ ಮೊದಲೆರಡು ಲಕ್ಷಣ ಸ್ಪಷ್ಟವಾಗಿದ್ದುದರಿಂದ ಸ್ಕ್ಯಾನಿಂಗ್ ಬೇಕೇ ಇರಲಿಲ್ಲ. ಆದರೂ ಫೈಲಿನಲ್ಲಿ ಅಂಥ ನಾಲ್ಕು ವರದಿಗಳಿದ್ದವು. ಇದಕ್ಕೆ ವಿರುದ್ಧವಾಗಿ, ಇದೇ ರೀತಿ ಮುಟ್ಟು ತಪ್ಪಿಸುವ ಬೇರೆ ಕಾಯಿಲೆಗಳನ್ನು ತಳ್ಳಿಹಾಕುವ ರಕ್ತಪರೀಕ್ಷೆಗಳು ಅರ್ಧ ಮಾತ್ರ ಆಗಿದ್ದವು. ಗರ್ಭಧಾರಣೆಯ ಪರೀಕ್ಷೆ, ಥೈರಾಯಿಡ್, ಪ್ರೊಲ್ಯಾಕ್ಟಿನ್ ಮತ್ತು ಅಡ್ರಿನಲ್ ಗ್ರಂಥಿಯ ಹುಟ್ಟು ದೋಷವನ್ನು ಹಿಡಿಯುವ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್, ಈ ನಾಲ್ಕನ್ನೂ ಮಾಡಿಸಿದೆವು. ಎಲ್ಲವೂ ಸಹಜವಾಗಿದ್ದವು.

ಸರಿಯೆನಿಸಿದ ವರದಿ

ಆರು ತಿಂಗಳ ಹಿಂದಿನ ವರದಿಯಲ್ಲಿ ಉಪವಾಸದ ಸಕ್ಕರೆ 92 ಮಿಲಿಗ್ರಾಂ, ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಶೇಕಡ 5.6 ಎಂದಿತ್ತು. ಎರಡೂ ಸಹಜ ಮಿತಿಯೊಳಗಿವೆ. ಅದನ್ನು ನೋಡಿದವರು "ಸಕ್ಕರೆಯ ತೊಂದರೆಯಿಲ್ಲ" ಎಂದು ಬರೆದು ಕಳುಹಿಸಿದ್ದರು. ನಾವು ಮತ್ತೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, 75 ಗ್ರಾಂ ಗ್ಲುಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆ ಕೂರಿಸಿ ಇನ್ನೊಮ್ಮೆ ರಕ್ತ ತೆಗೆದೆವು. ಉಪವಾಸದ ಅಂಕಿ ಈ ಸಲವೂ 93. ಎರಡು ಗಂಟೆಯ ಅಂಕಿ 156. ಅದು 140ರೊಳಗೆ ಇರಬೇಕಿತ್ತು. 200 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವಿನದು ಗ್ಲುಕೋಸನ್ನು ನಿಭಾಯಿಸುವ ಶಕ್ತಿ ಕುಂದಿದ ಸ್ಥಿತಿ.

ಉಪವಾಸದ ಸಕ್ಕರೆ ಇಷ್ಟು ಚೆನ್ನಾಗಿದ್ದು ಊಟದ ನಂತರದ್ದು ಏಕೆ ಕೆಟ್ಟಿತು? ರಾತ್ರಿಯೆಲ್ಲ ಉಪವಾಸವಿದ್ದಾಗ ರಕ್ತದ ಸಕ್ಕರೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಯಕೃತ್ತು. ಊಟವಾದ ಮೇಲೆ ಬಂದ ಸಕ್ಕರೆಯ ಹೆಚ್ಚಿನ ಪಾಲನ್ನು ಎತ್ತಿಕೊಳ್ಳಬೇಕಾದದ್ದು ತೊಡೆ, ಬೆನ್ನು, ಭುಜಗಳ ಸ್ನಾಯು. ಈಕೆಯ ಸ್ನಾಯು ಇನ್ಸುಲಿನ್ ಬಾಗಿಲು ತಟ್ಟಿದರೂ ಬೇಗ ತೆರೆಯುವುದಿಲ್ಲ; ಇನ್ಸುಲಿನ್ ಪ್ರತಿರೋಧ ಎನ್ನುವುದು ಇದನ್ನೇ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಹೇಗೋ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಅಂದರೆ ಆ 93 ಎಂಬ ಸಹಜ ಅಂಕಿ ಸುಮ್ಮನೆ ಬಂದದ್ದಲ್ಲ, ದುಬಾರಿ ಬೆಲೆ ತೆತ್ತು ಕೊಂಡದ್ದು. ಪಿಸಿಓಎಸ್ ಇರುವ ಎಲ್ಲರಿಗೂ, ತೂಕ ಎಷ್ಟೇ ಇರಲಿ, ಈ ಎರಡು ಗಂಟೆಯ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಮಾಡಬೇಕೆಂದು 2023ರ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ. ಎರಡು ಗಂಟೆ ಕಾಯಬೇಕು, ಕುಡಿದದ್ದು ಓಕರಿಕೆ ತರಿಸುತ್ತದೆ ಎಂಬ ಕಾರಣಕ್ಕೆ ಇದು ತಪ್ಪಿಹೋಗುವುದೇ ಹೆಚ್ಚು.

ಫೈಲಿನಲ್ಲಿ ಉಪವಾಸದ ಇನ್ಸುಲಿನ್ ಅಳತೆಯೂ ಇತ್ತು: 19 ಘಟಕ. ಅದನ್ನು 92ರಿಂದ ಗುಣಿಸಿ 405ರಿಂದ ಭಾಗಿಸಿದರೆ ಇನ್ಸುಲಿನ್ ಪ್ರತಿರೋಧವನ್ನು ಅಂದಾಜಿಸುವ ಹೋಮಾ ಎಂಬ ಸೂಚ್ಯಂಕ 4.3 ಬರುತ್ತದೆ, ಅದು ಹೆಚ್ಚೇ. ಆದರೆ ಈ ಅಂಕಿಗೆ ನಾನು ಹೆಚ್ಚು ತೂಕ ಕೊಡಲಿಲ್ಲ. ಇನ್ಸುಲಿನ್ ಅಳತೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ, ದಿನದಿಂದ ದಿನಕ್ಕೆ ಬದಲಾಗುತ್ತದೆ, ಸೂಚ್ಯಂಕ 2.4 ಇದ್ದವರಿಗೆ ಬೇಡ, 2.6 ಇದ್ದವರಿಗೆ ಬೇಕು ಎಂದು ಚಿಕಿತ್ಸೆ ನಿರ್ಧರಿಸಲು ಅದು ಆಧಾರವಾಗದು. ಕತ್ತಿನ ಕಪ್ಪು, ಸೊಂಟದ ಸುತ್ತಳತೆ, ತಂದೆಯ ಕಾಯಿಲೆ ಮತ್ತು 156 ಎಂಬ ಅಂಕಿ, ಇವು ನಾಲ್ಕು ಸೇರಿ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಆ ದುಬಾರಿ ಪರೀಕ್ಷೆ ಹೇಳಲಿಲ್ಲ.

ಈಗ ಸ್ನಾಯು ಮಾತು ಕೇಳದಿದ್ದರೆ ಮುಟ್ಟು ಏಕೆ ತಪ್ಪಬೇಕು ಎಂಬ ಪ್ರಶ್ನೆ. ಈ ಕಾಯಿಲೆಯ ಸೂಕ್ಷ್ಮವಿರುವುದು ಇಲ್ಲಿ. ಇನ್ಸುಲಿನ್‌ಗೆ ದೇಹದ ಎಲ್ಲ ಅಂಗಗಳೂ ಒಂದೇ ಸಮನೆ ಕಿವುಡಾಗುವುದಿಲ್ಲ. ಸ್ನಾಯು ಕಿವುಡಾದಾಗ ದೇಹ ದನಿ ಏರಿಸುತ್ತದೆ. ಆ ಏರಿದ ದನಿ ಇನ್ನೂ ಚೆನ್ನಾಗಿ ಕಿವಿ ಕೇಳುವ ಅಂಡಾಶಯಕ್ಕೆ ಕಿರುಚಿದಂತಾಗುತ್ತದೆ. ಅಂಡಾಶಯದಲ್ಲಿ ಗಂಡು ಹಾರ್ಮೋನು ತಯಾರಿಸುವ ಥೀಕಾ ಕೋಶಗಳು ಮೆದುಳಿನಿಂದ ಬರುವ ಎಲ್‌ಎಚ್ ಹಾರ್ಮೋನಿನ ಜೊತೆಗೆ ಇನ್ಸುಲಿನ್ನಿನ ಒತ್ತಾಸೆಯೂ ಸಿಕ್ಕಿ ಅಗತ್ಯಕ್ಕಿಂತ ಹೆಚ್ಚು ಟೆಸ್ಟೋಸ್ಟಿರಾನ್ ಕಡೆಗೆ ಹೊರಳುತ್ತವೆ. ಯಕೃತ್ತು ಅದೇ ಇನ್ಸುಲಿನ್ನಿನ ಪ್ರಭಾವಕ್ಕೆ, ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಕಟ್ಟಿಹಾಕುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಕಡಿಮೆ ತಯಾರಿಸುತ್ತದೆ. ಹೀಗೆ ಉತ್ಪಾದನೆ ಹೆಚ್ಚಿ, ಕಡಿವಾಣ ಸಡಿಲವಾಗಿ, ಬಿಡುವಾಗಿ ಓಡಾಡುವ ಗಂಡು ಹಾರ್ಮೋನು ಗಲ್ಲದ ಕೂದಲಾಗಿ, ಮೊಡವೆಯಾಗಿ, ನಿಂತುಹೋದ ಕೋಶಕಗಳಾಗಿ ಕಾಣಿಸಿಕೊಳ್ಳುತ್ತದೆ. ಪಿಸಿಓಎಸ್ ಇರುವ ಎಲ್ಲರಲ್ಲಿಯೂ ಇದೇ ಮುಖ್ಯ ಕಾರಣವೆಂದು ಹೇಳಲಾಗದು. ಈ ಯುವತಿಯಲ್ಲಿ ಮಾತ್ರ ಪ್ರಬಲವಾದ ಎಳೆ ಇದೇ ಎಂದು ತೋರಿತು.

ಹಿಂದಿನ ಎರಡು ಚಿಕಿತ್ಸೆಗಳು ಏಕೆ ನಿಂತವು

ಎರಡು ವರ್ಷದ ಹಿಂದೆ ಆಕೆಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್ ಎರಡೂ ಇರುವ ಸಂಯುಕ್ತ ಮಾತ್ರೆಯನ್ನು, ಅಂದರೆ ಗರ್ಭನಿರೋಧಕ ಮಾತ್ರೆಯನ್ನೇ, ಆರು ತಿಂಗಳು ಕೊಟ್ಟಿದ್ದರು. ಕ್ರಮ ತಪ್ಪಿದ ಮುಟ್ಟಿಗೂ ಅನಗತ್ಯ ಕೂದಲಿಗೂ ಮೊದಲ ಆಯ್ಕೆಯ ಔಷಧ ಇದೇ, ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಅಲ್ಲ; ಆದ್ದರಿಂದ ಕೊಟ್ಟವರದು ತಪ್ಪೆನ್ನಲಾಗದು. ಮುಟ್ಟು ತಿಂಗಳು ತಿಂಗಳಿಗೂ ಬಂತು, ನಿಲ್ಲಿಸಿದೊಡನೆ ಮತ್ತೆ ಮೊದಲಿನಂತಾಯಿತು. "ಮದುವೆಯಾಗದ ಹುಡುಗಿಗೆ ಆ ಮಾತ್ರೆ ಏಕೆ" ಎಂದು ಮನೆಯಲ್ಲಿ ನಿಲ್ಲಿಸಿದರು ಎಂಬುದು ತಾಯಿಯ ವಿವರಣೆ. ಮಗಳನ್ನು ಒಬ್ಬಳೇ ಕೂರಿಸಿ ಕೇಳಿದಾಗ ಬೇರೊಂದು ಸಂಗತಿ ಹೊರಬಂತು. "ತಲೆನೋವು ಬರೋ ಮುಂಚೆ ಕಣ್ಣಿನ ಒಂದು ಪಕ್ಕ ಮಿಂಚಿನ ಗೆರೆ ಥರ ಕುಣಿಯುತ್ತೆ ಮೇಡಂ, ಅರ್ಧ ಗಂಟೆ ಸರಿಯಾಗಿ ಕಾಣಲ್ಲ. ಮಾತ್ರೆ ತಗೊಳ್ಳುವಾಗ ಜಾಸ್ತಿ ಆಗಿತ್ತು." ಇದು ಮುನ್ಸೂಚನೆಯೊಡನೆ ಬರುವ ಮೈಗ್ರೇನ್. ಈ ಬಗೆಯ ಮೈಗ್ರೇನ್ ಇರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆ ಮೆದುಳಿನ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುವುದರಿಂದ ಕೊಡಲೇಬಾರದು. ಮನೆಯವರು ತಪ್ಪು ಕಾರಣಕ್ಕೆ ಸರಿಯಾದ ಕೆಲಸ ಮಾಡಿದ್ದರು.

ಎರಡನೆಯದು ಮೆಟ್‌ಫಾರ್ಮಿನ್. ಮೊದಲ ದಿನದಿಂದಲೇ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ನುಂಗಲು ಬರೆದಿದ್ದರು. ಕೆಲಸದ ಹೊತ್ತಿನಿಂದಾಗಿ ಬೆಳಗಿನದನ್ನು ಆಕೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡಿದ್ದಳು. ಮೂರನೇ ದಿನ ಕ್ಯಾಬ್‌ನಲ್ಲಿ ಹೊಟ್ಟೆ ನುಲಿದು, ದಾರಿ ನಡುವೆ ಇಳಿಯಬೇಕಾಗಿ ಬಂದು, ನಾಲ್ಕನೇ ದಿನ ಪಟ್ಟಿಯನ್ನೇ ಎಸೆದುಬಿಟ್ಟಳು. ಅಂದಿನಿಂದ "ನನಗೆ ಮೆಟ್‌ಫಾರ್ಮಿನ್ ಆಗಿಬರುವುದಿಲ್ಲ" ಎಂಬುದು ಫೈಲಿನಲ್ಲಿ ದಾಖಲಾಗಿತ್ತು. ಆಗಿಬರದಿದ್ದುದು ಔಷಧವಲ್ಲ, ಅದನ್ನು ಏರಿಸಿದ ವೇಗ.

ಏನು ಮಾಡಿದೆವು

ಮೊದಲು ತುರ್ತಿನದು. 97 ದಿನ ಮುಟ್ಟು ಬಾರದಿದ್ದರೆ ಗರ್ಭಕೋಶದ ಒಳಪದರ ಪ್ರೊಜೆಸ್ಟರಾನಿನ ಹತೋಟಿಯಿಲ್ಲದೆ ಈಸ್ಟ್ರೊಜೆನ್ ಒಂದರ ಕೆಳಗೇ ದಪ್ಪಗಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಬಿಟ್ಟರೆ ಅದು ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿಲಿಗ್ರಾಂ ಮಾತ್ರೆಯನ್ನು ಹತ್ತು ದಿನ ಕೊಟ್ಟೆವು, ನಿಲ್ಲಿಸಿದ ನಾಲ್ಕನೇ ದಿನ ಮುಟ್ಟಾಯಿತು. ಇದರಲ್ಲಿ ಈಸ್ಟ್ರೊಜೆನ್ ಇಲ್ಲವಾದ್ದರಿಂದ ಮೈಗ್ರೇನಿಗೆ ಅಡ್ಡಿಯಿರಲಿಲ್ಲ. ಮುಂದೆಯೂ 90 ದಿನ ದಾಟಿದರೆ ಕಾಯದೆ ಇದನ್ನೇ ಮತ್ತೆ ಕೊಡುವುದೆಂದು ಆಗಲೇ ನಿರ್ಧರಿಸಿ ಬರೆದಿಟ್ಟೆವು.

ಮೆಟ್‌ಫಾರ್ಮಿನನ್ನು ಎರಡನೇ ಬಾರಿ ತೊಡಗಿದ್ದು ಬೇರೆಯೇ ರೀತಿಯಲ್ಲಿ. ಅದಕ್ಕೆ ಮೊದಲು ಮೂತ್ರಪಿಂಡದ ಕೆಲಸ ನೋಡಿದೆವು, ಕ್ರಿಯಾಟಿನಿನ್ 0.7 ಇತ್ತು. ಬಿ12 ವಿಟಮಿನ್ 188 ಇದ್ದದ್ದು ಕಡಿಮೆಯೇ. ಮನೆಯವರು ಸಸ್ಯಾಹಾರಿಗಳು; ಮೆಟ್‌ಫಾರ್ಮಿನ್ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರುವುದನ್ನು ಕುಗ್ಗಿಸುವುದರಿಂದ ಬಿ12 ಮಾತ್ರೆಯನ್ನು ಜೊತೆಯಲ್ಲೇ ಆರಂಭಿಸಿದೆವು. ನಿಧಾನವಾಗಿ ಬಿಡುಗಡೆಯಾಗುವ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಮಾತ್ರೆ, ರಾತ್ರಿಯ ಊಟದ ಮಧ್ಯೆ ಅಥವಾ ಊಟ ಮುಗಿದೊಡನೆ, ದಿನಕ್ಕೆ ಒಂದೇ. ಹೊಟ್ಟೆ ಒಗ್ಗಿಕೊಂಡರೆ ಮಾತ್ರ ಎರಡು ವಾರದ ನಂತರ ಎರಡು, ಮತ್ತೆ ಹಾಗೆಯೇ ಮೂರು. ಮೂರನೇ ಮಾತ್ರೆಗೆ ತಲುಪಲು ಆಕೆಗೆ ಏಳು ವಾರ ಹಿಡಿಯಿತು, ನಡುವೆ ಒಮ್ಮೆ ಎರಡರಲ್ಲೇ ನಿಲ್ಲಿಸಿ ಕಾದೆವು.

ಐದನೇ ವಾರ ಗಾಬರಿಯಿಂದ ಫೋನು ಬಂತು: ಮಲದಲ್ಲಿ ಮಾತ್ರೆ ಇಡಿಯಾಗಿ ಹೊರಬಂದಿದೆ, ಔಷಧ ಮೈಗೆ ಹತ್ತುತ್ತಿಲ್ಲ. ನಿಧಾನ ಬಿಡುಗಡೆಯ ಮಾತ್ರೆಗಳಲ್ಲಿ ಒಳಗಿನ ಔಷಧವೆಲ್ಲ ಕರಗಿಹೋದ ಮೇಲೆ ಖಾಲಿ ಹೊರಚಿಪ್ಪು ಹೀಗೆ ಕಾಣುವುದುಂಟು. ಇದನ್ನು ಮೊದಲೇ ಹೇಳಿರದಿದ್ದುದು ನನ್ನ ಮರೆವು. ಮೊದಲೇ ಹೇಳಿದ್ದ ಇನ್ನೊಂದು ಮಾತು ಆಕೆಗೆ ನೆನಪಿತ್ತು: ವಾಂತಿ ಭೇದಿಯಾಗಿ ದೇಹ ಬತ್ತಿದಾಗ, ಅಥವಾ ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸಬೇಕಾದಾಗ ತಾನಾಗಿಯೇ ಮುಂದುವರಿಸದೆ ವೈದ್ಯರನ್ನು ಕೇಳಬೇಕು.

ಇಲ್ಲಿ ಮೆಟ್‌ಫಾರ್ಮಿನಿನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಸ್ಪಷ್ಟಪಡಿಸಬೇಕು. ಅದು ಮುಖ್ಯವಾಗಿ ಯಕೃತ್ತು ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ, ಅದರಿಂದ ಇನ್ಸುಲಿನ್ ಬೇಡಿಕೆ ಸ್ವಲ್ಪ ಇಳಿಯುತ್ತದೆ. ತೂಕ ಒಂದೆರಡು ಕಿಲೋ ಇಳಿಯಬಹುದು, ಕೆಲವರಲ್ಲಿ ಮುಟ್ಟಿನ ಅಂತರ ಕಿರಿದಾಗುತ್ತದೆ. ಗಲ್ಲದ ಕೂದಲಿಗೆ ಅದು ಒಳ್ಳೆಯ ಔಷಧವಲ್ಲ. ಗರ್ಭಧಾರಣೆಯ ವಿಷಯದಲ್ಲೂ ಅದರ ಮಿತಿ ಗೊತ್ತಿರುವುದೇ. 2007ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇಕಡ 7ರಷ್ಟು ಮಂದಿಗೆ ಮಗು ಹುಟ್ಟಿದರೆ, ಅಂಡೋತ್ಪತ್ತಿ ಮಾಡಿಸುವ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಅದು ಶೇಕಡ 22ರಷ್ಟಿತ್ತು. ಇಂದು ಅಂಡೋತ್ಪತ್ತಿಗೆ ಮೊದಲ ಆಯ್ಕೆ ಲೆಟ್ರೊಜೋಲ್. ಈ ಯುವತಿಗೆ ಮೆಟ್‌ಫಾರ್ಮಿನ್ ಬರೆದದ್ದು 156 ಎಂಬ ಅಂಕಿಗಾಗಿ, ಕತ್ತಿನ ಕಪ್ಪಿಗಾಗಿ, ತಂದೆಯ ದಾರಿಯನ್ನು ತಡೆಯುವುದಕ್ಕಾಗಿ. ಮುಟ್ಟು ಸರಿಯಾದರೆ ಅದು ಲಾಭ. "ಮುಟ್ಟಿನ ಮಾತ್ರೆ" ಎಂದು ಹೇಳಿ ಕೊಟ್ಟಿದ್ದರೆ ಎರಡು ತಿಂಗಳಲ್ಲಿ ಮುಟ್ಟು ಬಾರದಾಗ ಮತ್ತೆ ಎಸೆಯುತ್ತಿದ್ದಳು.

ಅನ್ನದ ವಿಚಾರ

ಮೂರು ದಿನ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದ್ದೆವು. ಬೆಳಿಗ್ಗೆ ಒಂಬತ್ತೂವರೆಗೆ ಏಳುವುದು, ಕಾಫಿ. ಹನ್ನೊಂದಕ್ಕೆ ಚಿತ್ರಾನ್ನ ಅಥವಾ ಅವಲಕ್ಕಿ. ಕೆಲಸದ ಜಾಗದಲ್ಲಿ ಮೂರು ಕಪ್ ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಜೊತೆಗೆ ಬಿಸ್ಕತ್ತು ಅಥವಾ ಬೇಕರಿಯ ಖಾರಾ ಬನ್. ಸಂಜೆ ಆರಕ್ಕೆ ಡಬ್ಬಿಯ ಅನ್ನ ಸಾರು. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದು ಅನ್ನ, ಹುಳಿ, ಮೊಸರನ್ನ, ಹನ್ನೆರಡೂವರೆಗೆ ಮಲಗುವುದು. ಒಟ್ಟು ತಿಂದದ್ದು ವಿಪರೀತವೇನೂ ಅಲ್ಲ. ಆದರೆ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಹನ್ನೆರಡರವರೆಗೆ ಇನ್ಸುಲಿನ್ ಕೆಳಗಿಳಿಯಲು ಬಿಡುವೇ ಇಲ್ಲ, ಅತಿ ದೊಡ್ಡ ಊಟ ಸ್ನಾಯು ಕೆಲಸ ಮಾಡದ ಹೊತ್ತಿಗೆ, ಮತ್ತು ದಿನಪೂರ್ತಿಯ ಕಾಳುಬೇಳೆ ಸೇರಿಸಿದರೂ ಪ್ರೋಟೀನು ನಲವತ್ತು ಗ್ರಾಂ ದಾಟುವುದಿಲ್ಲ.

ಪಿಸಿಓಎಸ್‌ಗೆಂದೇ ಮೀಸಲಾದ ಯಾವ ಪಥ್ಯವೂ ಬೇರೆ ಪಥ್ಯಕ್ಕಿಂತ ಮೇಲೆಂದು ಇದುವರೆಗೆ ತೋರಿಬಂದಿಲ್ಲ. ಆದ್ದರಿಂದ ಆಕೆಯ ಅಡುಗೆಮನೆಯನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಅನ್ನವನ್ನು ಬಿಡಿ ಎನ್ನಲೂ ಇಲ್ಲ. ಬದಲಿಸಿದ್ದು ಮೂರು. ರಾತ್ರಿಯ ಊಟವನ್ನು ಡಬ್ಬಿಗೆ ಹಾಕಿಕೊಂಡು ಹೋಗಿ ಎಂಟೂವರೆಯ ವಿರಾಮದಲ್ಲಿ ಮುಗಿಸುವುದು, ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಮಾತ್ರ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ, ಗಟ್ಟಿಯಾದ ಕಾಳಿನ ಹುಳಿ. ಅವನ್ನು ಅರ್ಧ ತಿಂದ ಮೇಲೆ ಅನ್ನ, ಅದು ಒಂದು ಸಣ್ಣ ಬಟ್ಟಲಿನಷ್ಟು. ಹೆಸರುಕಾಳು, ಅವರೆಕಾಳು, ಅಲಸಂದೆ, ಪನ್ನೀರು, ಮೊಸರು ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿ ಇರಬೇಕು. ಕಾಫಿಯ ಸಕ್ಕರೆಯನ್ನು ಆಕೆಯೇ ಎರಡು ಚಮಚದಿಂದ ಅರ್ಧಕ್ಕೆ ತಂದಳು.

ರಾಗಿಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ರಾಗಿ ಮುದ್ದೆಯಿಂದ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಹೆಚ್ಚೆಂಬುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ಕಟ್ಟಿದ ದೊಡ್ಡ ಮುದ್ದೆಯಲ್ಲಿರುವ ಪಿಷ್ಟ ಕಡಿಮೆಯೇನಲ್ಲ. ತಂದೆಯವರು ಸಕ್ಕರೆ ಕಾಯಿಲೆಗೆಂದು ರಾತ್ರಿ ಎರಡು ದೊಡ್ಡ ಮುದ್ದೆ ಊಟ ಮಾಡುತ್ತಿದ್ದರು. ಅವರ ಊಟದ ನಂತರದ ಅಂಕಿಯೇ ಮಗಳಿಗೆ ಈ ಮಾತನ್ನು ನನಗಿಂತ ಚೆನ್ನಾಗಿ ತಿಳಿಸಿತು.

ನಡಿಗೆಯ ಹೊತ್ತನ್ನು ಬೆಳಗಿಗಿಡದೆ ಊಟದ ಹಿಂದೆಯೇ ಇಟ್ಟದ್ದಕ್ಕೆ ಕಾರಣವಿದೆ. ಸ್ನಾಯು ಸಂಕುಚಿಸುವಾಗ ಗ್ಲುಕೋಸನ್ನು ಒಳಗೆಳೆದುಕೊಳ್ಳುವ ವಾಹಕಗಳು ಇನ್ಸುಲಿನ್ನಿನ ಕರೆಗೆ ಕಾಯದೆ ತಾವಾಗಿಯೇ ಕೋಶದ ಮೇಲ್ಮೈಗೆ ಬರುತ್ತವೆ. ಇನ್ಸುಲಿನ್‌ಗೆ ಕಿವುಡಾದ ಸ್ನಾಯುವಿನಲ್ಲೂ ಈ ಹಿಂಬಾಗಿಲು ತೆರೆದೇ ಇರುತ್ತದೆ. ಆಕೆಗೆ ಇದು ನಂಬಿಕೆಯಾಗಲಿಲ್ಲ. ತಂದೆಯ ಗ್ಲುಕೋಮೀಟರ್ ತೆಗೆದುಕೊಂಡು ಒಂದು ಭಾನುವಾರ ಹುಳಿಯನ್ನ ಉಂಡು ಕುಳಿತು ಒಂದು ಗಂಟೆಗೆ ನೋಡಿದಾಗ 168 ಬಂತು; ಮರುವಾರ ಅದೇ ಊಟ ಮಾಡಿ ಕಟ್ಟಡದ ಮೆಟ್ಟಿಲು, ಅಂಗಳ ಸೇರಿ ಹದಿನೈದು ನಿಮಿಷ ಓಡಾಡಿ ನೋಡಿದಾಗ 131. ಮನೆಯ ಮೀಟರಿನಲ್ಲಿ ಶೇಕಡ 15ರವರೆಗೂ ವ್ಯತ್ಯಾಸ ಬರಬಹುದು, ಒಂದೊಂದು ಸಲದ ಅಳತೆಯಿಂದ ಯಾವುದೂ ಸಿದ್ಧವಾಗುವುದಿಲ್ಲ. ಆದರೂ ಆ ದಿನದ ನಂತರ ನಡೆಯಬೇಕೆಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ವಾರಕ್ಕೆ ಒಟ್ಟು ನೂರೈವತ್ತು ನಿಮಿಷದ ಚುರುಕು ನಡಿಗೆ ಮತ್ತು ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂದು ಒಪ್ಪಂದವಾಯಿತು: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಐದು ಲೀಟರಿನ ಕ್ಯಾನು ಎತ್ತುವುದು.

ಮುಂದಿನ ತಿಂಗಳುಗಳು

ಮೂರನೇ ತಿಂಗಳಿಗೆ ತೂಕ 64.4. ಅದು ಸಾಲದೆಂದು ತೋರಿ, ಯಾವುದೋ ವಿಡಿಯೋ ನೋಡಿ ಅನ್ನ, ಹಣ್ಣು, ಕಾಳು ಎಲ್ಲವನ್ನೂ ಬಿಟ್ಟು ಮೂರು ವಾರ ಬರೀ ಪನ್ನೀರು ಮತ್ತು ಬೆಣ್ಣೆಯಲ್ಲಿ ಕಳೆದಳು. ಎರಡು ಕಿಲೋ ಇಳಿಯಿತು. ನಾಲ್ಕನೇ ವಾರ ಹಬ್ಬದ ಮನೆಯಲ್ಲಿ ಹಿಡಿತ ತಪ್ಪಿ ಹತ್ತು ದಿನದಲ್ಲಿ ಎರಡೂ ಮರಳಿ ಬಂದವು. ಅವಮಾನವಾದಂತೆ ಮುಖ ಮಾಡಿಕೊಂಡು ಕುಳಿತಿದ್ದಳು. ಆ ಭೇಟಿಯಲ್ಲಿ ನಿದ್ದೆ, ಮನಸ್ಸಿನ ಕುಗ್ಗು, ಆತಂಕಗಳ ಬಗ್ಗೆ ವಿವರವಾಗಿ ಕೇಳಿದೆವು. ಪಿಸಿಓಎಸ್‌ನಲ್ಲಿ ಇವು ಹೆಚ್ಚು, ಯಾರೂ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಆತಂಕ ಇತ್ತು, ಆಪ್ತಸಮಾಲೋಚಕಿಯ ಬಳಿಗೆ ಕಳುಹಿಸಿದೆವು.

ಔಷಧ ಕೊಟ್ಟು ಬರಿಸಿದ ಮುಟ್ಟಿನ ನಂತರ ಮೊದಲು 71 ದಿನ, ಆಮೇಲೆ 52, 41, ಹೀಗೆ ಅಂತರ ಇಳಿಯಿತು. ಆರನೇ ತಿಂಗಳಿಗೆ ತೂಕ 62, ಅಂದರೆ ಆರಂಭದ ಶೇಕಡ 6ರಷ್ಟು ಇಳಿಕೆ, ಸೊಂಟ 83. ಗ್ಲುಕೋಸ್ ಕುಡಿಸಿ ನೋಡಿದಾಗ ಎರಡು ಗಂಟೆಯ ಅಂಕಿ 128. ಇನ್ಸುಲಿನ್ ಅಳತೆಯನ್ನು ಮತ್ತೆ ಮಾಡಿಸಲಿಲ್ಲ, ಅದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಕತ್ತಿನ ಕಪ್ಪು ತೆಳುವಾಗಿತ್ತು. ಗಲ್ಲದ ಕೂದಲು ಇದ್ದಲ್ಲೇ ಇತ್ತು. ಈಸ್ಟ್ರೊಜೆನ್ ಮಾತ್ರೆ ಕೊಡಲಾಗದ ಕಾರಣ ಲೇಸರ್ ಚಿಕಿತ್ಸೆಗೆ ಕಳುಹಿಸಿದೆವು.

ಈ ಸುಧಾರಣೆಯಲ್ಲಿ ಮಾತ್ರೆಯ ಪಾಲೆಷ್ಟು, ಊಟ ನಡಿಗೆಗಳ ಪಾಲೆಷ್ಟು? ಒಬ್ಬಳನ್ನು ನೋಡಿ ಹೇಳಲಾಗದು. ಪಿಸಿಓಎಸ್‌ನದಲ್ಲದಿದ್ದರೂ ನಮ್ಮವರ ಮೇಲೆಯೇ ನಡೆದ ಒಂದು ಅಧ್ಯಯನ ಇಲ್ಲಿ ಉಪಯುಕ್ತ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಈಕೆಯಂತೆಯೇ ಎರಡು ಗಂಟೆಯ ಅಂಕಿ ಏರಿದ್ದವರಲ್ಲಿ ಆಹಾರ ವ್ಯಾಯಾಮಗಳ ಬದಲಾವಣೆ ಸಕ್ಕರೆ ಕಾಯಿಲೆಯ ಅಪಾಯವನ್ನು ಸುಮಾರು ಶೇಕಡ 28ರಷ್ಟು, ಮೆಟ್‌ಫಾರ್ಮಿನ್ ಶೇಕಡ 26ರಷ್ಟು ಇಳಿಸಿತು. ಎರಡನ್ನೂ ಸೇರಿಸಿದರೂ ಶೇಕಡ 28ರ ಆಸುಪಾಸಿನಲ್ಲೇ ನಿಂತಿತು. ಸೇರಿಸಿದರೆ ಕೂಡಿಕೊಳ್ಳುತ್ತದೆ ಎಂಬ ನಮ್ಮ ಸಹಜ ಲೆಕ್ಕ ಅಲ್ಲಿ ಹೊಂದಲಿಲ್ಲ. ಅದಕ್ಕಾಗಿಯೇ ಮೆಟ್‌ಫಾರ್ಮಿನನ್ನು ಜೀವನಪೂರ್ತಿ ಎಂದು ಬರೆಯದೆ, ವರ್ಷ ತುಂಬಿದಾಗ ಮರುಪರಿಶೀಲನೆ ಎಂದು ಬರೆದೆ.

ಒಂಬತ್ತನೇ ತಿಂಗಳಿಗೆ ಆಕೆಯನ್ನು ರಾತ್ರಿ ಪಾಳಿಗೆ ಹಾಕಿದರು. ಎರಡು ತಿಂಗಳಲ್ಲಿ ತೂಕ ಒಂದೂವರೆ ಕಿಲೋ ಏರಿತು, ಮುಟ್ಟಿನ ಅಂತರ 58 ದಿನಕ್ಕೆ ಹೋಯಿತು. ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ. ಪ್ರಮಾಣ ಏರಿಸಿ ಎಂದು ಆಕೆ ಕೇಳಿದಳು; ನಾವು 1500ರಲ್ಲೇ ಉಳಿಸಿ, ಮಧ್ಯಾಹ್ನದ ಪಾಳಿಗೆ ಮರಳಿಸುವಂತೆ ವೈದ್ಯಕೀಯ ಪತ್ರ ಕೊಟ್ಟೆವು. ಪಾಳಿ ಬದಲಾದ ಮೂರನೇ ತಿಂಗಳಿಗೆ ಅಂತರ ಮತ್ತೆ 39ಕ್ಕೆ ಬಂತು.

ಅಷ್ಟರಲ್ಲಿ ಆಕೆಯ ಮದುವೆ ನಿಶ್ಚಯವಾಗಿತ್ತು. ಎರಡು ವರ್ಷ ಮಗು ಬೇಡವೆಂಬುದು ಇಬ್ಬರ ತೀರ್ಮಾನ, ಮತ್ತು "ಪಿಸಿಓಡಿ ಇದೆಯಲ್ಲ, ಹೇಗೂ ಆಗಲ್ಲ" ಎಂಬುದು ಆಕೆಯ ಎಣಿಕೆ. ಈ ಎಣಿಕೆ ಅಪಾಯದ್ದು. ಮೆಟ್‌ಫಾರ್ಮಿನ್ ಮತ್ತು ತೂಕದ ಇಳಿಕೆ ಅಂಡೋತ್ಪತ್ತಿಯನ್ನು ಮರಳಿ ತರುತ್ತಿರುವಾಗ, ಮುಟ್ಟು ಯಾವಾಗ ಬರುತ್ತದೆಂದು ತಿಳಿಯದ ದೇಹದಲ್ಲಿ ಗರ್ಭ ನಿಂತದ್ದೂ ತಡವಾಗಿಯೇ ತಿಳಿಯುತ್ತದೆ. ಮೈಗ್ರೇನಿನ ಕಾರಣಕ್ಕೆ ಸಂಯುಕ್ತ ಮಾತ್ರೆ ಸಲ್ಲದಾದ್ದರಿಂದ ಗರ್ಭಕೋಶದೊಳಗಿದ್ದು ಪ್ರೊಜೆಸ್ಟೊಜೆನ್ ಬಿಡುವ ವಂಕಿಯ ಬಗ್ಗೆ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಅದು ಗರ್ಭಕೋಶದ ಒಳಪದರವನ್ನೂ ಕಾಯುತ್ತದೆ.

ಕೊನೆಯ ಭೇಟಿಗೆ ತಾಯಿ ಕಿರಿಯ ಮಗಳನ್ನೂ ಕರೆತಂದಿದ್ದರು. ಹದಿನೈದು ವರ್ಷ, ಮೈನೆರೆದು ಎರಡು ವರ್ಷ, ಐವತ್ತು ದಿನಕ್ಕೊಮ್ಮೆ ಮುಟ್ಟು, ಕತ್ತಿನಲ್ಲಿ ಅದೇ ಕಪ್ಪು. ಮುಖದಲ್ಲಿ ಕೂದಲಿಲ್ಲ, ಗಂಡು ಹಾರ್ಮೋನಿನ ಅಳತೆ ಸಹಜ. "ಇವಳಿಗೂ ಸ್ಕ್ಯಾನಿಂಗ್ ಬರೆದುಕೊಡಿ ಮೇಡಂ" ಎಂದರು. ಮೈನೆರೆದ ಎಂಟು ವರ್ಷದವರೆಗೆ ಆರೋಗ್ಯವಂತ ಹುಡುಗಿಯರಲ್ಲೂ ಹಲವರ ಅಂಡಾಶಯದಲ್ಲಿ ಕೋಶಕಗಳು ಹೆಚ್ಚಿರುವುದರಿಂದ ಆ ವಯಸ್ಸಿನಲ್ಲಿ ಸ್ಕ್ಯಾನಿಂಗ್‌ನಿಂದ ಈ ಕಾಯಿಲೆಯನ್ನು ತೀರ್ಮಾನಿಸುವಂತಿಲ್ಲ. ಸ್ಕ್ಯಾನಿಂಗ್ ಬರೆಯಲಿಲ್ಲ, ಪಿಸಿಓಎಸ್ ಎಂಬ ಹೆಸರನ್ನೂ ಬರೆಯಲಿಲ್ಲ. "ಅಪಾಯದಂಚಿನಲ್ಲಿದೆ, ವರ್ಷಕ್ಕೊಮ್ಮೆ ಮರುಪರೀಕ್ಷೆ" ಎಂದು ಬರೆದು, 75 ಗ್ರಾಂ ಗ್ಲುಕೋಸಿನ ಪರೀಕ್ಷೆಗೆ ಮುಂದಿನ ಸೋಮವಾರ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದೆ.